ಅಕ್ಕೋರ ಥರಾನೇ ಬರೆದಳು, ಲೆಕ್ಕ ಮಾತ್ರ ತಪ್ಪಿತು

ಇಳಕಲ್ಲಿನ ಹತ್ತಿರದ ಒಂದು ಸರಕಾರಿ ಶಾಲೆ. ಬಿಸಿಯೂಟ ಮುಗಿದಿತ್ತು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಸಣ್ಣ ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಸಾಲಿ ಆಟ ಆಡುತ್ತಿದ್ದಳು. ಕೈಯಲ್ಲೊಂದು ಬೇವಿನ ಕಡ್ಡಿ. ಖಡುವಿನ ಚೂರಿನಿಂದ ಗೋಡೆಯ ಮೇಲೆ 503 ಬರೆದು, ಅದರ ಕೆಳಗೆ 247 ಬರೆದು, ಗೆರೆ ಎಳೆದಳು. 5ರ ಮೇಲೊಂದು ಓರೆ ಗೆರೆ, 0 ಮೇಲೊಂದು ಓರೆ ಗೆರೆ. ಕೈ ಜಾಡಿಸಿ, ತಲೆ ಸ್ವಲ್ಪ ಓರೆ ಮಾಡಿ, ‘ತಿಳೀತಿಲ್ಲೋ?’ ಅಂದಳು. ಅವಳ ತರಗತಿಯ ಅಕ್ಕೋರು ದಿನಾ ಮಾಡುವುದು ಹೀಗೇ. ದೂರದಲ್ಲಿ ನಿಂತಿದ್ದ ಅಕ್ಕೋರಿಗೇ ನಗು ತಡೆಯಲಿಲ್ಲ.

ಆದರೆ ಅವಳು ಬರೆದ ಉತ್ತರ 344. ಮೂರರಲ್ಲಿ ಏಳು ಹೋಗುವುದಿಲ್ಲ ಅಂತ ತಿರುವಿ ಏಳರಲ್ಲಿ ಮೂರು ಕಳೆದಿದ್ದಳು. ಹಾಗೆಯೇ ನಾಲ್ಕರಲ್ಲಿ ಸೊನ್ನೆ, ಐದರಲ್ಲಿ ಎರಡು. ಓರೆ ಗೆರೆಗಳು ಸುಮ್ನೆ ಚಂದಕ್ಕೆ ಇದ್ದವು. ಗೆರೆ ಎಳೆದ ಅಂಕಿಗಳ ಮೇಲೆ ಹೊಸ ಅಂಕಿ ಬರೆದೇ ಇರಲಿಲ್ಲ. ಅಕ್ಕೋರ ಕೈ, ಮಾತು, ತಲೆ ಓರೆ ಮಾಡುವ ರೀತಿ ಎಲ್ಲವೂ ಬಂದಿತ್ತು. ಸಾಲ ತಗೊಂಡು ಕಳೆಯುವ ಲೆಕ್ಕ ಮಾತ್ರ ಬಂದಿರಲಿಲ್ಲ.

ಒಂದು ಮಗು ನೋಡಿದ್ದರಲ್ಲಿ ಇಷ್ಟನ್ನು ಹಿಡಿದು ಅಷ್ಟನ್ನು ಬಿಡುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮನಶ್ಶಾಸ್ತ್ರ ಸುಮಾರು ಅರ್ಧ ಶತಮಾನ ಕಳೆದಿದೆ.

1941ರಲ್ಲಿ ಅಮೆರಿಕದ ನೀಲ್ ಮಿಲ್ಲರ್ ಮತ್ತು ಜಾನ್ ಡಾಲರ್ಡ್ ಕೊಟ್ಟ ಉತ್ತರ ಸರಳವಾಗಿತ್ತು. ಅನುಕರಣೆಯೂ ಒಂದು ರೂಢಿ, ಬಹುಮಾನ ಸಿಕ್ಕರೆ ಬೆಳೆಯುತ್ತದೆ ಅಂದರು. ಇನ್ನೊಬ್ಬರು ಮಾಡಿದಂತೆ ಮಾಡಿದ ಮಗುವಿಗೆ ಮಿಠಾಯಿ ಸಿಕ್ಕರೆ, ಅದು ಮತ್ತೆ ಹಾಗೇ ಮಾಡುತ್ತದೆ. ಆದರೆ ಈ ಲೆಕ್ಕದಲ್ಲಿ ಮಗು ಮೊದಲು ಮಾಡಬೇಕು, ಆಮೇಲೆ ಕಲಿಯಬೇಕು. ಕಟ್ಟೆಯ ಮೇಲಿನ ನಮ್ಮ ಹುಡುಗಿಗೆ ತಲೆ ಓರೆ ಮಾಡಿದ್ದಕ್ಕೆ ಯಾರೂ ಪೆಪ್ಪರಮೆಂಟು ಕೊಟ್ಟಿರಲಿಲ್ಲ.

ಈ ಉತ್ತರವನ್ನು ಅಲುಗಾಡಿಸಿದವರು ಆಲ್ಬರ್ಟ್ ಬಂಡೂರ. ಕೆನಡಾದ ಅಲ್ಬರ್ಟಾ ಪ್ರಾಂತದ ಮುಂಡೇರ್ ಎಂಬ ಸಣ್ಣ ಊರಲ್ಲಿ 1925ರಲ್ಲಿ ಹುಟ್ಟಿದವರು. ಊರಿಗೆಲ್ಲ ಒಂದೇ ಶಾಲೆ, ಹೈಸ್ಕೂಲಿಗೆ ಇಬ್ಬರೇ ಮೇಷ್ಟ್ರು. ನಮ್ಮ ಕಡೆಯ ಎಷ್ಟೋ ಹಳ್ಳಿಗಳವರಿಗೆ ಇದು ಪರಿಚಯದ ಕಥೆಯೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಮಾಡಿದ ಬೊಬೋ ಗೊಂಬೆಯ ಪ್ರಯೋಗ ಬಿ.ಎಡ್. ಓದಿದವರಿಗೆಲ್ಲ ಗೊತ್ತು. 1961ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 72 ಪುಟ್ಟ ಮಕ್ಕಳಿದ್ದರು. ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಹೊಡೆಯುವುದನ್ನು ನೋಡಿದ ಮಕ್ಕಳು ಆಮೇಲೆ ತಾವೂ ಹಾಗೆಯೇ ಹೊಡೆದರು. ಪರೀಕ್ಷೆಯಲ್ಲಿ ಬರೆಯುವುದು ಸಾಮಾನ್ಯವಾಗಿ ಇಷ್ಟೇ.

ನನ್ನ ಪ್ರಕಾರ ಶಾಲೆಗೆ ಹೆಚ್ಚು ಬೇಕಾಗಿರುವುದು 1965ರಲ್ಲಿ ಬಂದ ಇನ್ನೊಂದು ಪ್ರಯೋಗ. ಅದರಲ್ಲಿ ಮಕ್ಕಳಿಗೆ ತೋರಿಸಿದ್ದು ಒಂದು ಸಿನಿಮಾ ತುಣುಕು. ಕೆಲವರು ನೋಡಿದ ತುಣುಕಿನಲ್ಲಿ ಗೊಂಬೆ ಹೊಡೆದವನಿಗೆ ಬಹುಮಾನ ಸಿಗುತ್ತದೆ, ಕೆಲವರದರಲ್ಲಿ ಬೈಗುಳ, ಉಳಿದವರದರಲ್ಲಿ ಏನೂ ಇಲ್ಲ. ಬೈಗುಳ ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಇಲ್ಲಿಗೆ ನಿಲ್ಲಿಸಿದ್ದರೆ ಹಳೆಯ ಮಾತೇ ಗೆಲ್ಲುತ್ತಿತ್ತು. ಆದರೆ ಬಂಡೂರ ಇನ್ನೊಂದು ಹೆಜ್ಜೆ ಇಟ್ಟರು. ಅವನು ಮಾಡಿದ್ದನ್ನು ಮಾಡಿ ತೋರಿಸಿದರೆ ನಿಮಗೆ ಬಹುಮಾನ ಅಂತ ಎಲ್ಲ ಮಕ್ಕಳಿಗೂ ಹೇಳಿದರು. ಆಗ ಮೂರೂ ಗುಂಪುಗಳ ನಡುವಿನ ವ್ಯತ್ಯಾಸ ಹೋಗಿಬಿಟ್ಟಿತು. ಅಂದರೆ ಸುಮ್ಮನೆ ಕೂತಿದ್ದ ಮಕ್ಕಳೂ ಕಲಿತಿದ್ದರು, ಮಾಡಿ ತೋರಿಸಿರಲಿಲ್ಲ ಅಷ್ಟೇ. ಕಲಿಯುವುದು ಬೇರೆ, ಮಾಡಿ ತೋರಿಸುವುದು ಬೇರೆ.

ಇವೆರಡರ ನಡುವಿನ ದಾರಿಯಲ್ಲಿ ಬಂಡೂರ ನಾಲ್ಕು ಹಂತ ಗುರುತಿಸಿದರು. ಇಳಕಲ್ಲಿನವರಿಗೆ ಇದನ್ನು ಮಗ್ಗದ ಮುಂದೆ ಕೂತು ಹೇಳುವುದು ಸುಲಭ. ನೇಕಾರರ ಮನೆಯ ಮಗು ಕಂಡಿಕೆ ಸುತ್ತುತ್ತಾ ವರ್ಷಗಟ್ಟಲೆ ಅಪ್ಪನ ಮಗ್ಗ ನೋಡಿರುತ್ತದೆ. ಆದರೆ ಲಾಳಿ ಓಡುವ ಸದ್ದಿನ ಕಡೆಗೇ ಅದರ ಗಮನವಿದ್ದರೆ, ಕಾಲು ಯಾವಾಗ ಬದಲಾಯಿತು ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಗಮನಿಸಿದ್ದನ್ನು ನೆನಪಿಟ್ಟುಕೊಳ್ಳಬೇಕು. ನೆನಪಿದ್ದರೂ ಕೈಕಾಲು ಒಗ್ಗಬೇಕು, ಮೊದಲ ದಿನ ಕೂತವರ ಕೈಯಲ್ಲಿ ಎಳೆ ಹರಿಯದೆ ಇರುತ್ತದೆಯೇ? ಇದೆಲ್ಲ ಇದ್ದರೂ ಮಾಡಬೇಕು ಅನ್ನುವ ಮನಸ್ಸು ಬೇಕು. ಶಾಲೆಯ ಹುಡುಗಿ ಮೊದಲ ಹಂತದಲ್ಲೇ ಜಾರಿದ್ದಳು. ಅಕ್ಕೋರ ಕೈ ಎದ್ದು ಕಾಣುತ್ತಿತ್ತು. ‘ಒಂದು ನೂರು ಹತ್ತು ಹತ್ತಾಯಿತು’ ಅನ್ನುವ ಲೆಕ್ಕ ನಡೆದದ್ದು ಅಕ್ಕೋರ ತಲೆಯೊಳಗೆ. ತಲೆಯೊಳಗೆ ನಡೆದದ್ದನ್ನು ನೋಡಿ ಕಲಿಯುವುದು ಹೇಗೆ? ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಮಗುವಿಗೆ ಸಿಗುತ್ತದೆ.

ನಾಲ್ಕನೆಯ ಹಂತದ ಮನಸ್ಸಿನ ವಿಷಯ 1977ರಲ್ಲಿ ಬೇರೆ ತಿರುವು ತಗೊಂಡಿತು. ಆಗ ಬಂಡೂರ ಹಾವಿನ ಭಯ ಇದ್ದ ದೊಡ್ಡವರ ಜೊತೆ ಕೆಲಸ ಮಾಡುತ್ತಿದ್ದರು. ಇನ್ನೊಬ್ಬರು ಹಾವು ಹಿಡಿಯುವುದನ್ನು ಬರೀ ನೋಡಿದವರಿಗೆ ಧೈರ್ಯ ಸ್ವಲ್ಪ ಬಂತು. ನೋಡಿ, ಆಮೇಲೆ ಹಂತ ಹಂತವಾಗಿ ತಾವೂ ಮುಟ್ಟಿದವರಿಗೆ ಜಾಸ್ತಿ ಬಂತು. ‘ಈ ಕೆಲಸ ನನ್ನ ಕೈಲಿ ಆಗುತ್ತದೆ’ ಅನ್ನುವ ಈ ಎಣಿಕೆಗೆ ಅವರು ಸ್ವಸಾಮರ್ಥ್ಯದ ನಂಬಿಕೆ ಅಂತ ಹೆಸರಿಟ್ಟರು. ಇದು ‘ನಾನು ಜಾಣ’ ಅನ್ನುವ ಒಟ್ಟಾರೆ ಅಭಿಮಾನ ಅಲ್ಲ. ಒಂದೇ ಮಗುವಿಗೆ ಕೂಡುವ ಲೆಕ್ಕದಲ್ಲಿ ಈ ನಂಬಿಕೆ ತುಂಬ ಇದ್ದು, ಕಳೆಯುವುದರಲ್ಲಿ ಒಂಚೂರೂ ಇಲ್ಲದಿರಬಹುದು. ಇದು ಬಲಗೊಳ್ಳುವುದು ಮುಖ್ಯವಾಗಿ ತಾನೇ ಮಾಡಿ ಗೆದ್ದಾಗ. ಎರಡನೆಯದಾಗಿ, ತನ್ನಂಥವರು ಗೆಲ್ಲುವುದನ್ನು ನೋಡಿದಾಗ. ಇನ್ನೊಬ್ಬರ ಮಾತಿಗೂ ತನ್ನ ಮೈಮನಸ್ಸಿನ ಆತಂಕಕ್ಕೂ ಇದರಲ್ಲಿ ಪಾಲಿದೆ.

ತನ್ನಂಥವರು ಅಂದರೆ ಯಾರು? ಇದನ್ನು ನೇರವಾಗಿ ಪರೀಕ್ಷಿಸಿದವರು ಡೇಲ್ ಶಂಕ್ ಮತ್ತು ಆಂಟೊನೆಟ್ ಹ್ಯಾನ್ಸನ್. ಅವರ ಅಧ್ಯಯನ ಬಂದದ್ದು 1985ರಲ್ಲಿ. ತಗೊಂಡ ವಿಷಯ ನಮ್ಮ ಗೋಡೆಯ ಮೇಲಿದ್ದದ್ದೇ, ಸಾಲ ತಗೊಂಡು ಕಳೆಯುವುದು. ಮಕ್ಕಳೆಲ್ಲ ಎಂಟರಿಂದ ಹತ್ತು ವರ್ಷದವರು, ಈ ಲೆಕ್ಕದಲ್ಲಿ ಎಡವುತ್ತಿದ್ದವರು. ಕೆಲವರಿಗೆ ಶಿಕ್ಷಕರು ಲೆಕ್ಕ ಮಾಡುವ ವಿಡಿಯೊ ತೋರಿಸಿದರು. ಕೆಲವರಿಗೆ ಅವರದೇ ವಯಸ್ಸಿನ ಮಗು ಸಲೀಸಾಗಿ ಮಾಡುವ ವಿಡಿಯೊ. ಇನ್ನು ಕೆಲವರಿಗೆ ಅಂಥದೇ ಮಗು ಮೊದಲು ತಡವರಿಸಿ, ತಪ್ಪಿ, ನಿಧಾನಕ್ಕೆ ದಾರಿಗೆ ಬರುವ ವಿಡಿಯೊ. ಒಂದು ಗುಂಪಿಗೆ ಏನೂ ತೋರಿಸಲಿಲ್ಲ. ಆಮೇಲೆ ಎಲ್ಲರಿಗೂ ಪಾಠ ಆಯಿತು.

ನಂಬಿಕೆ ಅಳೆದ ರೀತಿ ನನಗೆ ಬಹಳ ಹಿಡಿಸಿತು. ಲೆಕ್ಕವನ್ನು ಎರಡೇ ಸೆಕೆಂಡು ತೋರಿಸಿ ಮುಚ್ಚುತ್ತಿದ್ದರು. ಕಷ್ಟವೋ ಸುಲಭವೋ ಅಂತ ಗೊತ್ತಾಗಲು ಅಷ್ಟು ಸಾಕು, ಬಿಡಿಸಲು ಸಾಲದು. ಇಂಥದ್ದು ಮಾಡಬಲ್ಲೆ ಅಂತ ಎಷ್ಟು ಖಾತ್ರಿ ಅಂತ 10ರಿಂದ 100ರೊಳಗೆ ಮಗು ಗುರುತು ಹಾಕಬೇಕಿತ್ತು.

ಕೊನೆಗೆ ನಂಬಿಕೆಯಲ್ಲೂ ಲೆಕ್ಕದಲ್ಲೂ ಮುಂದೆ ಬಂದವರು ಓರಗೆಯ ಮಗುವನ್ನು ನೋಡಿದವರು. ಶಿಕ್ಷಕರನ್ನು ನೋಡಿದವರು ಅವರ ಹಿಂದೆ, ಏನೂ ನೋಡದವರು ಎಲ್ಲರಿಗಿಂತ ಹಿಂದೆ. ಅಕ್ಕೋರಿಗೆ ಲೆಕ್ಕ ಬರುವುದರಲ್ಲಿ ಆಶ್ಚರ್ಯ ಏನಿದೆ? ಅವರಿಗೆ ಬಂದ ಮಾತ್ರಕ್ಕೆ ನನಗೂ ಬರುತ್ತದೆ ಅಂತ ಮಗು ಅಂದುಕೊಳ್ಳುವುದಿಲ್ಲ.

ಆದರೆ ಸಲೀಸಾಗಿ ಮಾಡಿದ ಮಗುವಿಗೂ ತಡವರಿಸಿ ಗೆದ್ದ ಮಗುವಿಗೂ ಈ ಅಧ್ಯಯನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಾಲ ಇಲ್ಲದ ಕಳೆಯುವ ಲೆಕ್ಕ ಈ ಮಕ್ಕಳಿಗೆ ಮೊದಲೇ ಬರುತ್ತಿತ್ತು, ಹಾಗಾಗಿ ಯಾವ ಮಗು ಮಾಡಿದರೂ ‘ನನಗೂ ಆದೀತು’ ಅನ್ನಿಸಿರಬಹುದು ಎಂದು ಸಂಶೋಧಕರು ಊಹಿಸಿದರು. 1987ರಲ್ಲಿ ಅವರು ಮಕ್ಕಳಿಗೆ ಹೆಚ್ಚು ಹೊಸದಾಗಿದ್ದ ಭಿನ್ನರಾಶಿಯನ್ನು ತಗೊಂಡರು. ಅಲ್ಲಿ ಒಂದೇ ಮಗುವನ್ನು ತೋರಿಸಿದಾಗ, ತಡವರಿಸಿ ಗೆದ್ದ ಮಗುವೇ ಹೆಚ್ಚು ಉಪಯೋಗಕ್ಕೆ ಬಂತು. ಹಿಂದೆ ಕೈಹಿಡಿದ ಅನುಭವವೇ ಇಲ್ಲದ ಕಡೆ ತಡವರಿಸುವ ಜೊತೆಗಾರ ಬೇಕು.

ಇದು ತಿರುಗುಬಾಣವೂ ಆಗಬಹುದು. 1978ರಲ್ಲಿ ಬ್ರೌನ್ ಮತ್ತು ಇನೌಯೆ ಕಾಲೇಜು ವಿದ್ಯಾರ್ಥಿಗಳಿಗೆ ಅಕ್ಷರ ಜೋಡಿಸುವ ಒಗಟು ಕೊಟ್ಟಿದ್ದರು. ತಮ್ಮಷ್ಟೇ ಬುದ್ಧಿಯವನು ಅಂದುಕೊಂಡ ಒಬ್ಬ ಸೋಲುವುದನ್ನು ನೋಡಿದವರು ತಾವೂ ಬೇಗ ಕೈಬಿಟ್ಟರು. ತಮಗಿಂತ ಕಡಿಮೆಯವನು ಸೋತರೆ ಹಾಗಾಗಲಿಲ್ಲ. ಲೆಕ್ಕ ಬರದ ಹುಡುಗನನ್ನು ಬೋರ್ಡಿಗೆ ಕರೆದು, ತಪ್ಪಿದಾಗ ಬೈದು ಕೂರಿಸುವ ರೂಢಿ ನಮ್ಮಲ್ಲಿದೆಯಲ್ಲ, ಅದರಲ್ಲಿ ಪಾಠ ಕಲಿಯುವವನು ಅವನೊಬ್ಬನೇ ಅಲ್ಲ. ಅವನ ಥರದವರೆಲ್ಲ ಹಿಂದಿನ ಸಾಲಿನಲ್ಲಿ ಕೂತು ನೋಡುತ್ತಿರುತ್ತಾರೆ.

ಇನ್ನು ಆ ಶಾಲೆಗೆ ವಾಪಸ್. ಅಕ್ಕೋರು ಮರುದಿನ 503ರ ಲೆಕ್ಕವನ್ನು ಗೋಡೆಯಿಂದ ಬೋರ್ಡಿಗೆ ತಂದರು. ತಾವು ಬಿಡಿಸಲಿಲ್ಲ, ತರಗತಿಯ ಜಾಣೆಯನ್ನೂ ಕರೆಯಲಿಲ್ಲ. ಹೋದ ವಾರ ಇದೇ ತಪ್ಪು ಮಾಡಿ, ಈಗಷ್ಟೇ ಸರಿದಾರಿಗೆ ಬಂದಿದ್ದ ಹುಡುಗನನ್ನು ಕರೆದರು. ಮಾಡುತ್ತಾ ಹೇಳಬೇಕು ಅನ್ನುವುದು ಷರತ್ತು.

‘ಸೊನ್ನಿ ಮನ್ಯಾಗ ಏನೂ ಇಲ್ಲ. ಅದಕ್ಕ ಐದರ ಮನಿಗೆ ಹೋಗಬೇಕು’ ಅಂದ. 5 ಹೊಡೆದು 4 ಬರೆದ. ‘ಒಂದು ನೂರು ತಂದ್ರ ಸೊನ್ನಿ ಮನ್ಯಾಗ ಹತ್ತು ಹತ್ತು ಆದ್ವು.’ 0 ಹೊಡೆದು 10 ಬರೆದ. 3 ಹೊಡೆದು 13 ಮಾಡಿದ. ಹದಿಮೂರರಲ್ಲಿ ಏಳು ಹೋದರೆ ಆರು, ಹತ್ತರಲ್ಲಿ ನಾಲ್ಕು ಹೋದರೆ ಆರು, ನಾಲ್ಕರಲ್ಲಿ ಎರಡು ಹೋದರೆ ಎರಡು. 266.

ಅಕ್ಕೋರು ತಪ್ಪು ಅನ್ನಲಿಲ್ಲ, ಕೂಡಿಸಿ ನೋಡಪ್ಪಾ ಅಂದರು. 266ಕ್ಕೆ 247 ಕೂಡಿಸಿದ, 513 ಬಂತು. ಒಂದು ಕ್ಷಣ ಖಡು ಕಚ್ಚಿಕೊಂಡು ನಿಂತ. ‘ಹತ್ತು ಜಾಸ್ತಿ ಆತಲ್ರೀ... ಮೂರಕ್ಕ ಒಂದ ಹತ್ತು ಕೊಟ್ಟೇನಿ, ಇಲ್ಲಿ ಕಮ್ಮಿ ಮಾಡಿಲ್ಲ.’ 10 ಹೊಡೆದು 9 ಬರೆದ. 256.

ಆಮೇಲೆ ಅಕ್ಕೋರು ಪಾಟಿಯ ಮೇಲೆ 602ರಲ್ಲಿ 358 ಕಳೆಯುವ ಲೆಕ್ಕವನ್ನು ತಟ್ಟನೆ ತೋರಿಸಿ ಮುಚ್ಚಿ, ಎಷ್ಟು ಖಾತ್ರಿ, ಬೆರಳೆತ್ತಿ ಅಂದರು. ಹುಡುಗನನ್ನು ಕರೆಯುವ ಮುಂಚೆಯೂ ಇಂಥದೇ ಒಂದು ಲೆಕ್ಕ ತೋರಿಸಿ ಕೇಳಿದ್ದರು. ಆಗ ನಮ್ಮ ಹುಡುಗಿ ಎತ್ತಿದ್ದು ಮೂರು ಬೆರಳು. ಕಟ್ಟೆಯ ಮೇಲಿನ ಧೈರ್ಯ ಆಟದ ಧೈರ್ಯ ಅಷ್ಟೇ, ಅಲ್ಲಿ ತಿದ್ದುವವರಿರಲಿಲ್ಲ. ಈಗ ಏಳು ಬೆರಳು ಎದ್ದವು.

ಏಳು ಬೆರಳು ಎದ್ದರೆ ಲೆಕ್ಕ ಬಂತು ಅಂತ ಅಲ್ಲ. ನೋಡಿ ಬಂದ ನಂಬಿಕೆ ಹಗುರ, ತನ್ನ ಕೈಯಲ್ಲಿ ಎರಡು ಸಲ ತಪ್ಪಿದರೆ ಹಾರಿಹೋಗುತ್ತದೆ. ಅದಕ್ಕೇ ಅಕ್ಕೋರು ತಡಮಾಡದೆ ಅವಳ ಕೈಗೇ ಪಾಟಿ ಕೊಟ್ಟರು. ಅವಳು ತುಟಿ ಅಲ್ಲಾಡಿಸುತ್ತಾ ಮಾಡಿದಳು. ಆರರ ಮನೆ, ಸೊನ್ನೆ ಮನೆ, ಹತ್ತು, ಒಂಬತ್ತು. 244. ಕೂಡಿಸಿಯೂ ನೋಡಿದಳು.

ಮುಂದಿನ ಲೆಕ್ಕ 68ರಲ್ಲಿ 25. ಸಾಲದ ಅಗತ್ಯವೇ ಇಲ್ಲ. ಆದರೂ 6ರ ಮೇಲೊಂದು ಓರೆ ಗೆರೆ ಎಳೆದಳು, ತಡೆದಳು, ಎಂಜಲು ಹಚ್ಚಿ ಒರೆಸಿದಳು. 43 ಬರೆದು ಪಕ್ಕದವಳ ಕಡೆ ತಿರುಗಿ, ತಲೆ ಓರೆ ಮಾಡಿ, ‘ತಿಳೀತಿಲ್ಲೋ?’ ಅಂದಳು.