ಕಿಲೋ ಲೆಕ್ಕದ ಕೂಲಿ: ದರ ಏರಿದರೂ ಕೈಗೆ ಬರುವ ದುಡ್ಡು ಯಾಕೆ ಅಷ್ಟು ಏರಲ್ಲ?

ಟೀ ತೋಟದ ಕೂಲಿ ಏರಿತು ಅಂತ ಸುದ್ದಿ ಬಂದಾಗ ದಿನಕ್ಕೆ ಇಷ್ಟು ರೂಪಾಯಿ ಅನ್ನುವ ಅಂಕಿಯನ್ನೇ ಎಲ್ಲರೂ ನೋಡುತ್ತಾರೆ. ಆ ದುಡ್ಡಿಗೆ ಎಷ್ಟು ಕಿಲೋ ಎಲೆ ಕೀಳಬೇಕು ಅನ್ನುವ ಇನ್ನೊಂದು ಅಂಕಿ ಇದೆ. ಅದನ್ನು ಕೇಳುವವರು ಕಡಿಮೆ. ನನಗೆ ಎರಡನೆಯದೇ ಮುಖ್ಯ ಅನ್ನಿಸುತ್ತದೆ.

ಇದು ಹೊಸ ಕಥೆಯೇನಲ್ಲ. ಅಸ್ಸಾಂ ತೋಟಗಳಿಗೆ 1865ರ ಕಾನೂನು ತಿಂಗಳ ಕೂಲಿ ಗೊತ್ತು ಮಾಡಿತ್ತು: ಗಂಡಸರಿಗೆ 5 ರೂಪಾಯಿ, ಹೆಂಗಸರಿಗೆ 4, ಮಕ್ಕಳಿಗೆ 3. ಆದರೆ ಒಂದು ದಿನದ ಕೆಲಸ ಅಂದ್ರೆ ಎಷ್ಟು ಅನ್ನುವುದನ್ನು ತೋಟವೇ ಹೇಳುತ್ತಿತ್ತು. ಅಷ್ಟು ಮುಗಿಸಿದರೆ 'ಹಾಜಿರಾ', ಅದರ ಮೇಲೆ ಮಾಡಿದರೆ 'ಟಿಕ್ಕಾ'. ಇವತ್ತಿನ ಮೂಲ ದರ ಮತ್ತು ಗುರಿ ಮೀರಿದ್ದಕ್ಕೆ ಕೊಡುವ ಬೋನಸ್ಸು ಹೆಚ್ಚುಕಡಿಮೆ ಇದೇ ಜೋಡಿ. ಸ್ವಾತಂತ್ರ್ಯ ಬಂದಮೇಲೆ 1948ರ ಕನಿಷ್ಠ ಕೂಲಿ ಕಾಯ್ದೆ ಬಂತು. ಸರ್ಕಾರ ದಿನದ ಕೂಲಿ ಮಾತ್ರ ಗೊತ್ತು ಮಾಡಿದ್ದರೆ, ತೂಕದ ಮೇಲೆ ದುಡಿಯುವವರಿಗೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ ಅಂತ ಅದು ಹೇಳಿತು. ಕೂಲಿಗೆ ಒಂದು ನೆಲ ಸಿಕ್ಕಿತು. ಗುರಿಯ ಕಿಲೋ ಮಾತ್ರ ಮಾತುಕತೆಯ ಮೇಜಿನ ಮೇಲೇ ಉಳಿಯಿತು.

2015ರಲ್ಲಿ ಇದು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಯಿತು. ಮುನ್ನಾರ್‌ನಲ್ಲಿ ಎಲೆ ಕೀಳುವ ಹೆಂಗಸರು ಸೆಪ್ಟೆಂಬರಿನಲ್ಲಿ ತಾವೇ ಮುಂದೆ ನಿಂತು ಹೋರಾಡಿದರು. ಮೊದಲು ಎದ್ದಿದ್ದು ವರ್ಷದ ಬೋನಸ್ಸಿನ ಪ್ರಶ್ನೆ, ಆಮೇಲೆ ದಿನಗೂಲಿಯದೂ ಸೇರಿತು. ಅಕ್ಟೋಬರಿನಲ್ಲಿ ಕೇರಳದ ಟೀ ಕೂಲಿ 232 ರೂಪಾಯಿಯಿಂದ 301ಕ್ಕೆ ಏರಿತು. ಅಂದ್ರೆ ಸುಮಾರು ಶೇ 30. ಜೊತೆಗೇ ದಿನದ ಗುರಿ 21 ಕಿಲೋದಿಂದ 25 ಆಯಿತು. ಈಗ ಭಾಗಿಸಿ ನೋಡಿ. ಮೊದಲು ಗುರಿ ಮುಟ್ಟಿದವರಿಗೆ ಕಿಲೋಗೆ 11 ರೂಪಾಯಿ ಬೀಳುತ್ತಿತ್ತು, ಆಮೇಲೆ 12. ಕಿಲೋ ಲೆಕ್ಕದಲ್ಲಿ ಏರಿಕೆ ಸುಮಾರು ಶೇ 9 ಮಾತ್ರ. 22ನೇ ಕಿಲೋದಿಂದ 25ನೇ ಕಿಲೋವರೆಗೆ ಮೊದಲು 'ಹೆಚ್ಚಿನದು' ಅಂತ ಎಣಿಸುತ್ತಿದ್ದ ಎಲೆ ಈಗ ಮಾಮೂಲಿ ಕೆಲಸದೊಳಗೆ ಸೇರಿತು. 301 ಬೇಡ ಅಂತ ನಾನು ಹೇಳುತ್ತಿಲ್ಲ, ಅದು ಅವರು ಬೀದಿಯಲ್ಲಿ ಕೂತು ಗೆದ್ದಿದ್ದು. ಆದರೆ ಗೆದ್ದಿದ್ದು ಎಷ್ಟು ಅಂತ ತಿಳಿಯಬೇಕಾದರೆ ಎರಡೂ ಅಂಕಿ ಬೇಕಲ್ವಾ?

ಪೂರಾ ಕಿಲೋ ಲೆಕ್ಕದಲ್ಲೇ ಕೊಡುವ ಕಡೆ ಇದು ಇನ್ನೂ ನಾಜೂಕಾಗುತ್ತದೆ. ಲೆಕ್ಕಕ್ಕೆ ಸುಮ್ನೆ ಒಂದು ದರ ಇಟ್ಟುಕೊಳ್ಳೋಣ: ಕಿಲೋಗೆ 10 ರೂಪಾಯಿ, ಗುರಿ 24 ಕಿಲೋ, ಅದರ ಮೇಲಿನ ಪ್ರತಿ ಕಿಲೋಗೆ ಇನ್ನೂ 4 ರೂಪಾಯಿ. ಒಬ್ಬರು 28 ಕಿಲೋ ಕಿತ್ತರೆ 280 ಜೊತೆ 16 ಸೇರಿ 296. ಈಗ ದರ ಹತ್ತೂವರೆ ಮಾಡಿ, ಗುರಿಯನ್ನೂ 28ಕ್ಕೆ ಏರಿಸಿ. ಅದೇ ಕೈ, ಅದೇ 28 ಕಿಲೋ, ಸಿಗುವುದು 294. ದರ ಏರಿತು, ದುಡ್ಡು ಇಳಿಯಿತು. 20 ಕಿಲೋ ಕೀಳುವವರಿಗೆ 10 ರೂಪಾಯಿ ಜಾಸ್ತಿ ಸಿಗುತ್ತದೆ ನಿಜ. ಆದರೆ 34 ಕಿಲೋ ಕೀಳುವಷ್ಟು ಚುರುಕಾದವರಿಗೆ 380 ಇದ್ದದ್ದು 381 ಆಗುತ್ತದೆ, ಬರೀ ಒಂದು ರೂಪಾಯಿ.

ಇನ್ನು ತೂಕದ ಜಾಗ. ಕೊಕ್ಕೆ ತಕ್ಕಡಿಗೆ ಚೀಲ ಸಿಕ್ಕಿಸುತ್ತಾರೆ, ಮುಳ್ಳು ಅಲ್ಲಾಡಿ ನಿಲ್ಲುತ್ತದೆ, ಚೀಲದ ತೂಕ ಮತ್ತು ಎಲೆ ಮೇಲಿನ ನೀರು ಅಂತ ಒಂದಷ್ಟು ಕಳೆದು ಪುಸ್ತಕಕ್ಕೆ ಬರೆಯುತ್ತಾರೆ. ಮಳೆಗೆ ನೆನೆದ ಎಲೆ ಭಾರ ಇರುತ್ತದೆ, ಕಳೆಯುವುದರಲ್ಲಿ ನ್ಯಾಯ ಇದೆ. ಆದರೆ ಎಷ್ಟು ಕಳೆಯಬೇಕು ಅನ್ನುವುದು ಅಂದಾಜಿನ ಮೇಲೆ ನಿಂತರೆ ಕಷ್ಟ. ಮೇಲಿನ ಮೊದಲ ದರದಲ್ಲೇ ನೋಡಿ. 31 ಕಿಲೋ ತೂಗಿದವರಿಗೆ 338 ಬರಬೇಕು. 3 ಕಿಲೋ ಕಳೆದರೆ 296 ಆಗುತ್ತದೆ. ಹೋಗಿದ್ದು 30 ಅಲ್ಲ, 42. ಗುರಿ ದಾಟಿದವರ ಲೆಕ್ಕದಲ್ಲಿ ಕಡಿತ ಯಾವಾಗಲೂ ಮೇಲಿನಿಂದ, ಅಂದ್ರೆ 14 ರೂಪಾಯಿಯ ಕಿಲೋದಿಂದಲೇ ಶುರುವಾಗುತ್ತದೆ. ಚೀಲವನ್ನು ಖಾಲಿ ಮಾಡಿ ತೂಗಿ ಅದರ ತೂಕ ಬರೆದಿಟ್ಟಿದ್ದಾರಾ, ಮಳೆ ಇಲ್ಲದ ದಿನವೂ ನೀರಿನ ಕಡಿತ ಅಷ್ಟೇ ಇದೆಯಾ ಅಂತ ಒಂದು ವಾರ ಗಮನಿಸಿದರೆ ಸಾಕು, ಅದು ಲೆಕ್ಕವೋ ರೂಢಿಯೋ ಗೊತ್ತಾಗುತ್ತದೆ.

ಗಿಡವೂ ಎಲ್ಲ ದಿನ ಒಂದೇ ಥರ ಕೊಡುವುದಿಲ್ಲ. ಒಳ್ಳೆ ಚಿಗುರಿನ ವಾರದಲ್ಲಿ 24 ಕಿಲೋ ಮಧ್ಯಾಹ್ನಕ್ಕೇ ದಾಟಬಹುದು. ಒಣ ತಿಂಗಳಲ್ಲಿ, ಅದೂ ಕಡಿದಾದ ಇಳಿಜಾರಿನ ಹಳೇ ಗಿಡಗಳಲ್ಲಿ ಸಂಜೆವರೆಗೂ ಕಿತ್ತರೂ 15 ಆಗುವುದಿಲ್ಲ. ಎರಡು ಎಲೆ ಒಂದು ಮೊಗ್ಗು ಕೀಳಿ ಅಂತ ಹೇಳಿ, ಅದೇ ಗುರಿಯನ್ನು ವರ್ಷವಿಡೀ ಇಟ್ಟರೆ ಕೈ ತಾನಾಗಿ ಬಲಿತ ಎಲೆಗೂ ಹೋಗುತ್ತದೆ. ಆಮೇಲೆ ಒರಟು ಎಲೆ ಬಂತು ಅಂತ ಅದಕ್ಕೂ ಒಂದು ಕಡಿತ ಬೀಳುತ್ತದೆ.