ಮನೆಗೆ ಬಂದ ಬೆಕ್ಕಿನ ಮರಿಯ ಮೊದಲ ವಾರ ಮತ್ತು ಮರಳಿನ ಟ್ರೇ

ಹುಟ್ಟಿದ ಮೊದಲ ಮೂರು ವಾರ ಬೆಕ್ಕಿನ ಮರಿಗೆ ತಾನಾಗಿ ಮಲಮೂತ್ರ ವಿಸರ್ಜಿಸಲು ಬರುವುದಿಲ್ಲ. ತಾಯಿ ನೆಕ್ಕಿ ಪ್ರಚೋದಿಸಬೇಕು. ನಾಲ್ಕನೆಯ ವಾರದ ಹೊತ್ತಿಗೆ ಅದು ಸಡಿಲ ಮಣ್ಣನ್ನು ತಾನೇ ಕೆದಕತೊಡಗುತ್ತದೆ, ಮುಂದಿನ ಕೆಲವು ವಾರಗಳಲ್ಲಿ ಕಾಲಿಗೆ ಯಾವ ಹುಡಿ ಹಿತವೆಂಬುದೂ ಅದಕ್ಕೆ ರೂಢಿಯಾಗುತ್ತದೆ. ಆದ್ದರಿಂದ ಎಂಟು ವಾರದ ಮರಿಯನ್ನು ಮನೆಗೆ ತರುವವರು ಅದಕ್ಕೆ ಕೆದಕುವುದನ್ನು ಕಲಿಸಬೇಕಾಗಿಲ್ಲ. ಅದು ಈಗಾಗಲೇ ಏನನ್ನು ಕಲಿತು ಬಂದಿದೆ ಎಂದು ಕೇಳಿಕೊಂಡರೆ ಸಾಕು.

ನಾನು ಕೇಳಿರಲಿಲ್ಲ. ನಮ್ಮ ಮರಿ ಹುಟ್ಟಿದ್ದು ಕಟ್ಟಡವೊಂದರ ಮರಳರಾಶಿಯ ಪಕ್ಕದಲ್ಲಿ. ಅದರ ಮಲಮೂತ್ರಕ್ಕೆಂದು ನಾನು ತಂದಿಟ್ಟದ್ದು ಸುವಾಸನೆಯ ದಪ್ಪ ಹರಳುಗಳ ಟ್ರೇ. ಮೊದಲ ದಿನ ಮರಿ ಮಂಚದ ಕೆಳಗಿನಿಂದ ಹೊರಬರಲೇ ಇಲ್ಲ. ಹಾಗೆ ಅಡಗುವುದು ಸಹಜ, ಎಳೆದು ತೆಗೆಯಬಾರದು. ಒಂದೇ ಕೋಣೆಯಲ್ಲಿ ಬಿಟ್ಟು, ಅದು ಮಲಗಿದ್ದ ಹಳೆಯ ಬಟ್ಟೆಯನ್ನು ಜೊತೆಗಿಟ್ಟರೆ ಪರಿಚಿತ ವಾಸನೆಯ ಧೈರ್ಯದಲ್ಲಿ ತಾನೇ ಬರುತ್ತದೆ. ಎರಡನೆಯ ದಿನ ಅದು ಬಂದು ಊಟ ಮಾಡಿತು, ಟ್ರೇಯ ಅಂಚಿನಲ್ಲಿ ನಿಂತು ಒಂದು ಹರಳನ್ನು ಪಂಜದಿಂದ ಮುಟ್ಟಿ, ಕಾಲು ಕೊಡವಿ, ನೇರವಾಗಿ ಕಿಟಕಿಯ ಬಳಿಯ ತುಳಸಿ ಕುಂಡಕ್ಕೆ ಹೋಯಿತು. ಮನೆಯವರ ಸಿಟ್ಟು ಬೇರೆ ಮಾತು. ಮರಿಯ ಮಟ್ಟಿಗೆ ಅದು ತಪ್ಪಲ್ಲ, ಅಲ್ಲಿದ್ದದ್ದು ಅದು ಬಲ್ಲ ಮಣ್ಣು.

ಕುಂಡವನ್ನು ಹೊರಗಿಟ್ಟು, ಐದಾರು ಸೆಂಟಿಮೀಟರ್ ಅಂಚಿನ ತಗ್ಗು ಟ್ರೇಯಲ್ಲಿ ಜರಡಿ ಹಿಡಿದು ಬಿಸಿಲಿಗೆ ಒಣಗಿಸಿದ ಮರಳನ್ನು ಮೂರು ಬೆರಳು ದಪ್ಪ ಹರಡಿ, ಊಟದ ತಟ್ಟೆಗೆ ಎದುರಿನ ಮೂಲೆಯಲ್ಲಿಟ್ಟೆ. ಉಣ್ಣುವ ಜಾಗದ ಹತ್ತಿರ ಬೆಕ್ಕು ವಿಸರ್ಜಿಸಲು ಒಪ್ಪುವುದಿಲ್ಲ. ಹೊಟ್ಟೆ ತುಂಬಿದಾಗ ಕರುಳಿನ ಚಲನೆ ಚುರುಕಾಗುವುದರಿಂದ, ಪ್ರತಿ ಊಟವಾದ ಮೇಲೂ ನಿದ್ದೆಯಿಂದ ಎದ್ದಾಗಲೂ ಮರಿಯನ್ನು ಅದರಲ್ಲಿ ಬಿಡುತ್ತಿದ್ದೆ. ಅದರ ಪಂಜ ಹಿಡಿದು ಕೆದಕಿಸಲು ಹೋಗಲಿಲ್ಲ, ಅದರಿಂದ ಮರಿ ಹೆದರುತ್ತದೆ. ಮೂರನೆಯ ಸಂಜೆ ಅದು ತಾನಾಗಿ ಗುಂಡಿ ತೋಡಿ, ಮುಗಿಸಿ, ಮುಚ್ಚಿ, ಮೂಸಿ ನೋಡಿತು. ಆ ದಿನ ಮಾತ್ರ ಒಂದು ಚಿಟಿಕೆ ಒದ್ದೆ ಮರಳನ್ನು ಗುರುತಿಗೆಂದು ಬಿಟ್ಟು, ಉಳಿದದ್ದನ್ನು ದಿನಕ್ಕೆರಡು ಬಾರಿ ತೆಗೆದೆ. ಅಂಗಡಿಯ ಹುಡಿಯೇ ಬೇಕೆನ್ನುವವರು ವಾರ ಕಳೆದ ಮೇಲೆ ಮರಳಿಗೆ ಸ್ವಲ್ಪಸ್ವಲ್ಪವಾಗಿ ಬೆರೆಸಬಹುದು. ಆದರೆ ನೀರು ತಾಗಿದರೆ ಗಟ್ಟಿಯಾಗುವ ಬಗೆ ಎಳೆಯ ಮರಿಗಳಿಗೆ ಬೇಡ, ಅವು ಅದನ್ನು ತಿಂದು ನೋಡುತ್ತವೆ.

ಬೇರೆಡೆ ಒದ್ದೆಯಾದರೆ ಫಿನಾಯಿಲ್ ಹಾಕಬಾರದು: ಅಂಥ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ, ಮರಿ ಕಾಲು ನೆಕ್ಕಿದರೆ ವಿಷ ಒಳಸೇರುತ್ತದೆ. ಹಸುವಿನ ಹಾಲನ್ನೂ ನಿಲ್ಲಿಸಬೇಕು. ಅದರಿಂದ ಭೇದಿಯಾದ ಮರಿ ಟ್ರೇ ತಲುಪುವ ಮೊದಲೇ ಸೋಲುತ್ತದೆ. ಟ್ರೇಯಲ್ಲಿ ಮತ್ತೆ ಮತ್ತೆ ಕುಳಿತು ತಿಣುಕಿಯೂ ಮರಳು ಒದ್ದೆಯಾಗದಿದ್ದರೆ, ಇಲ್ಲವೇ ಒಂದು ಹಗಲು ಪೂರ್ತಿ ಏನನ್ನೂ ತಿನ್ನದಿದ್ದರೆ, ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು.