ಅದೇ ಜಾಗದಿಂದ, ಅದೇ ಮನೆ

ಪಾಳುಬಿದ್ದ ಹಂಚಿನ ಮನೆಯ ಫೋಟೊ ಎಡಕ್ಕೆ, ರಿಪೇರಿಯಾಗಿ ಹೊಳೆಯುತ್ತಿರುವ ಅದೇ ಮನೆ ಬಲಕ್ಕೆ. ಇಂಥ ಜೋಡಿಗಳನ್ನು ನೀವೂ ಬೇಕಾದಷ್ಟು ನೋಡಿರುತ್ತೀರಿ. ಒಂದು ಸಲ ಮನೆಯನ್ನು ಬಿಟ್ಟು ಕಂಬಗಳನ್ನು ನೋಡಿ. ಎಡಗಡೆ ಫೋಟೊದಲ್ಲಿ ಜಗಲಿಯ ಮೊದಲನೇ ಕಂಬ ಹಿಂದಿನ ಕಿಟಕಿಯನ್ನು ಅರ್ಧ ಮುಚ್ಚಿರುತ್ತದೆ, ಬಲಗಡೆಯದ್ದರಲ್ಲಿ ಕಿಟಕಿ ಪೂರ್ತಿ ಕಾಣುತ್ತಿರುತ್ತದೆ. ಕಂಬ ಸರಿದಿಲ್ಲ, ಕಿಟಕಿಯೂ ಸರಿದಿಲ್ಲ. ಸರಿದದ್ದು ಫೋಟೊ ತೆಗೆದವರು. ಆಮೇಲೆ ಮನೆ ಎಷ್ಟು ಬದಲಾಯಿತು, ನಿಂತ ಜಾಗ ಎಷ್ಟು ಬದಲಾಯಿತು ಅಂತ ಬೇರೆ ಮಾಡಿ ಹೇಳೋದು ಕಷ್ಟ.

ತುಂಬ ಜನ ಇದನ್ನು ಜೂಮ್ ಮಾಡಿ ಸರಿಮಾಡಲು ಹೋಗುತ್ತಾರೆ. ಮನೆ ಚಿಕ್ಕದಾಗಿ ಕಂಡರೆ ಸ್ವಲ್ಪ ಜೂಮ್, ದೊಡ್ಡದಾಗಿ ಕಂಡರೆ ಹಿಂದಕ್ಕೆ. ಆದರೆ ಯಾವ ವಸ್ತುವಿನ ಹಿಂದೆ ಯಾವುದು ಅಡಗುತ್ತದೆ, ಹತ್ತಿರದ್ದು ದೂರದ್ದಕ್ಕಿಂತ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಇದನ್ನೆಲ್ಲ ತೀರ್ಮಾನಿಸುವುದು ಲೆನ್ಸ್ ಇರುವ ಜಾಗ ಮಾತ್ರ. ಜೂಮ್ ಮಾಡಿದರೆ ಇಡೀ ಚಿತ್ರ ಒಟ್ಟಿಗೆ ಹಿಗ್ಗುತ್ತದೆ ಅಷ್ಟೇ, ಒಳಗಿನ ಹೊಂದಾಣಿಕೆ ಹಾಗೇ ಉಳಿಯುತ್ತದೆ. ಇದು ನಮಗೆ ಅನುಕೂಲವೇ. ಹಳೆಯ ಫೋಟೊ ತೆಗೆದ ಕ್ಯಾಮೆರಾ ಯಾವುದು ಅಂತ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಅದರ ಲೆನ್ಸ್ ಎಲ್ಲಿತ್ತು ಅಂತ ಗೊತ್ತಾದರೆ ಸಾಕು.

ಅದು ಫೋಟೊದಲ್ಲೇ ಬರೆದಿಟ್ಟಂತೆ ಇರುತ್ತದೆ. ಓದೋದು ಹೇಗೆ ಅಂತ ಒಂದು ಮನೆ ಇಟ್ಟುಕೊಂಡು ನೋಡೋಣ. ಮಲೆನಾಡಿನ ಒಂದು ಮನೆ ಅಂದುಕೊಳ್ಳಿ. ಅಂಗಳದಲ್ಲಿ ನಿಂತರೆ 5 ಮೀಟರ್ ದೂರದಲ್ಲಿ ಜಗಲಿಯ ಮೂಲೆಕಂಬ. ಅದರ ಹಿಂದೆ, ನಿಮ್ಮಿಂದ ಏಳೂವರೆ ಮೀಟರ್ ದೂರದಲ್ಲಿ, ಹೆಬ್ಬಾಗಿಲಿರುವ ಗೋಡೆ. ಮನೆಯ ಪಕ್ಕದಲ್ಲಿ ಹಿಂದೆ ಸರಿದು, 15 ಮೀಟರ್ ದೂರದಲ್ಲಿ, ಕೊಟ್ಟಿಗೆ.

ಹಳೆಯ ಫೋಟೊದಲ್ಲಿ ಮೂಲೆಕಂಬದ ಬಲ ಅಂಚು ಕೊಟ್ಟಿಗೆ ಗೋಡೆಯ ಮೇಲೆ ಎಲ್ಲಿ ಬಂದಿದೆ ಅಂತ ನೋಡಿ. ಬಾಗಿಲಿನ ಚೌಕಟ್ಟಿಗೆ ಸರಿಯಾಗಿ ತಾಗಿಕೊಂಡಿದೆ ಅಂದುಕೊಳ್ಳಿ. ಈಗ ನೀವು ಅಂಗಳದಲ್ಲಿ ನಿಂತು 10 ಸೆಂ.ಮೀ. ಬಲಕ್ಕೆ ಸರಿದರೆ ಕಂಬದ ಅಂಚು ಕೊಟ್ಟಿಗೆಯ ಗೋಡೆಯ ಮೇಲೆ 20 ಸೆಂ.ಮೀ. ಎಡಕ್ಕೆ ಓಡುತ್ತದೆ. ಸಮರೂಪ ತ್ರಿಕೋನದ ಲೆಕ್ಕ, ಹೈಸ್ಕೂಲಿನದ್ದೇ. ಕಂಬದಿಂದ ಕೊಟ್ಟಿಗೆಗೆ 10 ಮೀಟರ್, ನಿಮ್ಮಿಂದ ಕಂಬಕ್ಕೆ 5 ಮೀಟರ್, ಆದ್ದರಿಂದ ನಿಮ್ಮ ತಪ್ಪು ಎರಡು ಪಟ್ಟಾಗಿ ಗೋಡೆಯ ಮೇಲೆ ಕಾಣುತ್ತದೆ. ಕೊಟ್ಟಿಗೆಯ ಬದಲು ಹೆಬ್ಬಾಗಿಲಿನ ಗೋಡೆಯನ್ನು ನೋಡಿದ್ದರೆ? ಅದು ಕಂಬದಿಂದ ಎರಡೂವರೆ ಮೀಟರ್ ಮಾತ್ರ ಹಿಂದೆ. ಅದೇ 10 ಸೆಂ.ಮೀ. ತಪ್ಪು ಅಲ್ಲಿ ಬರೀ 5 ಸೆಂ.ಮೀ. ಆಗಿ ಕಾಣುತ್ತದೆ, ಕಣ್ಣು ತಪ್ಪಿ ಹೋಗೋದು ಸುಲಭ. ಹಾಗಾಗಿ ಗುರುತಿಗೆ ಆರಿಸುವ ಜೋಡಿಯಲ್ಲಿ ಒಂದು ಆದಷ್ಟು ಹತ್ತಿರ, ಇನ್ನೊಂದು ಆದಷ್ಟು ದೂರ ಇರಬೇಕು. ಹಿಂದೆ ಗುಡ್ಡದ ಅಂಚು ಕಂಡರಂತೂ ಇನ್ನೂ ಒಳ್ಳೆಯದು.

ಇದು ಎಡ-ಬಲದ ಮಾತಾಯಿತು. ಹಿಂದೆ-ಮುಂದೆ ಎಷ್ಟು ಅಂತ ತಿಳಿಯೋದಕ್ಕೆ ಎರಡು ಎತ್ತರಗಳನ್ನು ಹೋಲಿಸಬೇಕು. ಕಂಬದ ಎತ್ತರ 2.1 ಮೀಟರ್, ಕೊಟ್ಟಿಗೆ ಬಾಗಿಲಿನದ್ದು 1.8 ಮೀಟರ್ ಅಂದುಕೊಂಡರೆ, ಸರಿಯಾದ ಜಾಗದಿಂದ ತೆಗೆದ ಫೋಟೊದಲ್ಲಿ ಕಂಬ ಆ ಬಾಗಿಲಿಗಿಂತ ಮೂರೂವರೆ ಪಟ್ಟು ಉದ್ದ ಕಾಣುತ್ತದೆ. ಒಂದು ಮೀಟರ್ ಹಿಂದೆ ನಿಂತು ತೆಗೆದರೆ ಈ ಅನುಪಾತ ಸುಮಾರು 3.1ಕ್ಕೆ ಇಳಿಯುತ್ತದೆ. ಪ್ರಿಂಟ್ ದೊಡ್ಡದಿರಲಿ ಚಿಕ್ಕದಿರಲಿ, ಜೂಮ್ ಎಷ್ಟೇ ಇರಲಿ, ಅನುಪಾತ ಬದಲಾಗೋದಿಲ್ಲ. ಸ್ಕೇಲ್ ಇಟ್ಟು ಎರಡನ್ನೂ ಅಳೆದು ಭಾಗಿಸಿದರೆ ಆಯಿತು. 3.5 ಬರುವವರೆಗೆ ಮುಂದೆ ಹೋಗಿ, ಆಮೇಲೆ ಕಂಬದ ಅಂಚನ್ನು ಮತ್ತೆ ನೋಡಿ. ಒಂದನ್ನು ಸರಿಮಾಡಿದಾಗ ಇನ್ನೊಂದು ಸ್ವಲ್ಪ ಕೆಡುತ್ತದೆ, ಹಾಗಾಗಿ ಎರಡು ಮೂರು ಸುತ್ತು ಬೇಕಾಗುತ್ತದೆ.

ಎತ್ತರವನ್ನು ಜಾಸ್ತಿ ಜನ ಮರೆತೇಬಿಡುತ್ತಾರೆ. ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಭಾಗ ಇದೇ. ಹಳೆಯ ಫೋಟೊದಲ್ಲಿ ಮನೆಯ ಪಕ್ಕದ ಗೋಡೆ ನಿಮ್ಮಿಂದ ದೂರಕ್ಕೆ ಓಡುತ್ತಿರುತ್ತದೆ ಅಲ್ವಾ, ಅದರಲ್ಲಿ ನಿಜವಾಗಿ ಮಟ್ಟವಾಗಿರುವ ಎರಡು ಗೆರೆ ಹುಡುಕಿ, ಉದಾಹರಣೆಗೆ ಬುನಾದಿ ಕಲ್ಲಿನ ಒಂದು ವರಸೆ ಮತ್ತು ಜಗಲಿಯ ಅಂಚು, ಎರಡನ್ನೂ ಪೆನ್ಸಿಲಿನಿಂದ ಮುಂದಕ್ಕೆ ಎಳೆಯಿರಿ. ಅವು ಒಂದು ಕಡೆ ಕೂಡುತ್ತವೆ. ಆ ಬಿಂದುವಿನ ಮೂಲಕ ಅಡ್ಡಗೆರೆ ಹಾಕಿ (ಕ್ಯಾಮೆರಾ ಓರೆಯಾಗಿಲ್ಲದಿದ್ದರೆ ಫೋಟೊದ ಅಂಚಿಗೆ ಸಮಾಂತರವಾಗಿ). ಲೆನ್ಸ್ ಇದ್ದ ಎತ್ತರದಲ್ಲೇ ಇರುವ ಪ್ರತಿಯೊಂದು ವಸ್ತುವೂ, ಹತ್ತಿರ ಇರಲಿ ದೂರ ಇರಲಿ, ಆ ಗೆರೆಯ ಮೇಲೆ ಬರುತ್ತದೆ. ಗೆರೆ ಮೂಲೆಕಂಬವನ್ನು ಅಡಿಗಲ್ಲಿನಿಂದ 1.2 ಮೀಟರ್ ಮೇಲೆ ಕತ್ತರಿಸಿದೆ ಅಂದರೆ ಲೆನ್ಸ್ ಅಲ್ಲಿಯ ಮಟ್ಟದಲ್ಲೇ ಇತ್ತು. ಈಗ ಮನೆಗೆ ಹೋಗಿ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಮೇಸ್ತ್ರಿಗಳ ಹತ್ತಿರ ನೀರು ತುಂಬಿದ ಪಾರದರ್ಶಕ ಪೈಪು ಇರುತ್ತದಲ್ಲ, ಲೆವೆಲ್ ಪೈಪು, ಅದರಿಂದ ಆ ಮಟ್ಟವನ್ನು ಟ್ರೈಪಾಡಿನವರೆಗೆ ತನ್ನಿ.

ಇಲ್ಲೊಂದು ತಮಾಷೆ ನಡೆಯುತ್ತದೆ. ಜಗಲಿ ಅಂಗಳಕ್ಕಿಂತ 60 ಸೆಂ.ಮೀ. ಎತ್ತರ ಇದ್ದರೆ ಲೆನ್ಸ್ ಅಂಗಳದಿಂದ 1.8 ಮೀಟರ್ ಮೇಲಿತ್ತು ಅಂತಾಯಿತು. ಅಷ್ಟು ಎತ್ತರದಲ್ಲಿ ಕ್ಯಾಮೆರಾ ಹಿಡಿಯೋದು ಸಾಮಾನ್ಯ ಎತ್ತರದವರಿಗೆ ಕಷ್ಟ. ಆದರೆ ಅವತ್ತು ಅಂಗಳದಲ್ಲಿ ಒಡೆದ ಹಂಚು, ಕುಸಿದ ಮಣ್ಣು ಎಲ್ಲ ಸೇರಿ 30 ಸೆಂ.ಮೀ. ತುಂಬಿಕೊಂಡಿತ್ತು ಅಂತಿಟ್ಟುಕೊಳ್ಳಿ. ಫೋಟೊ ತೆಗೆದವರು ಆ ರಾಶಿಯ ಮೇಲೆ ನಿಂತು ಒಂದೂವರೆ ಮೀಟರ್ ಎತ್ತರದಲ್ಲಿ ಕ್ಯಾಮೆರಾ ಹಿಡಿದಿದ್ದರು ಅಷ್ಟೇ. ಈಗ ಅಂಗಳ ಗುಡಿಸಿ ಸಗಣಿ ಸಾರಿಸಿದ್ದಾರೆ, ನೀವು ಹಾಗೇ ನಿಂತು ತೆಗೆದರೆ ಮನೆ ಎತ್ತರಕ್ಕೆ ಎದ್ದಂತೆ ಕಾಣುತ್ತದೆ. ಮುಂದಿನ ಮಾಡು ಹಿಂದಿನದನ್ನು ಜಾಸ್ತಿ ಮುಚ್ಚುತ್ತದೆ. ಒಂದು ಗಟ್ಟಿ ಸ್ಟೂಲ್ ಬೇಕು.

ರಿಪೇರಿಯ ಮನೆಯಲ್ಲಿ ನಿಜವಾದ ಕಷ್ಟ ಇದೇ ಜಾತಿಯದ್ದು. ರಿಪೇರಿ ಅಂದರೆ ಗುರುತುಗಳನ್ನೇ ಬದಲಾಯಿಸೋದು. ಗೆದ್ದಲು ತಿಂದ ಕಂಬದ ಜಾಗಕ್ಕೆ ಹೊಸ ಕಂಬ ಬರುತ್ತದೆ, ಜೋತುಬಿದ್ದ ತೊಲೆಯನ್ನು ಜಾಕ್ ಕೊಟ್ಟು ಎತ್ತುತ್ತಾರೆ, ಪಕಾಸಿ ಹೊಸದು, ಹಂಚಿನ ಸಾಲು ಹೊಸದು, ಕೊಟ್ಟಿಗೆ ಇರುವುದೇ ಇಲ್ಲ. ಬಾಗಿದ ಸೂರಿನ ಗೆರೆಯನ್ನು ನಂಬಿ ಎತ್ತರದ ಲೆಕ್ಕ ಹಾಕಿದರೆ ಪೂರ್ತಿ ಕೆಡುತ್ತದೆ. ಗೋಡೆಗೆ ಹೊಸ ಗಾರೆ ಹಾಕಿದರೂ ವ್ಯತ್ಯಾಸ ಬರುತ್ತದೆ. ಕಂಬದ ಬದಲು ಗೋಡೆಯ ಮೂಲೆಯನ್ನು ಹತ್ತಿರದ ಗುರುತಾಗಿ ಹಿಡಿದಿದ್ದರೆ, 2 ಸೆಂ.ಮೀ. ಗಾರೆ ನಿಮ್ಮನ್ನು 3 ಸೆಂ.ಮೀ. ತಪ್ಪು ಜಾಗಕ್ಕೆ ತಂದು ನಿಲ್ಲಿಸುತ್ತದೆ. ಇಷ್ಟು ತಡೆದುಕೊಳ್ಳಬಹುದು, ಆದರೆ ಹಿಂದಿನ ಗುರುತು 15 ಮೀಟರಿನ ಬದಲು ಏಳೂವರೆ ಮೀಟರಿನಲ್ಲಿದ್ದರೆ ಅದೇ ಗಾರೆಯಿಂದ 6 ಸೆಂ.ಮೀ. ತಪ್ಪು.

ನಂಬಬಹುದಾದದ್ದು ಕಲ್ಲು. ಕಂಬದ ಅಡಿಗಲ್ಲು, ಮೆಟ್ಟಿಲು, ಬುನಾದಿಯ ವರಸೆ. ಅಂಗಳದ ಮರವೂ ಒಂದು ಮಟ್ಟಿಗೆ ಸರಿ: ಮರ ಬೆಳೆಯೋದು ತುದಿಯಲ್ಲಿ, ಹಾಗಾಗಿ ಕಾಂಡದ ಮೇಲಿನ ಹಳೆಯ ಗಂಟು ಅಥವಾ ಮೊಳೆ ವರ್ಷಗಳಾದರೂ ಅದೇ ಎತ್ತರದಲ್ಲಿರುತ್ತದೆ. ಕಾಂಡ ದಪ್ಪವಾಗೋದರಿಂದ ಅದರ ಅಂಚನ್ನು ಮಾತ್ರ ನಂಬಬೇಡಿ. ಕೆಲಸ ಇನ್ನೂ ಶುರುವಾಗಿಲ್ಲ ಅಂದರೆ ಇಷ್ಟೆಲ್ಲ ಪತ್ತೇದಾರಿಕೆ ಬೇಡವೇ ಬೇಡ. ಮೊದಲ ಫೋಟೊ ತೆಗೆದ ದಿನವೇ ಲೆನ್ಸಿನ ಕೆಳಗೆ ತೂಕದ ದಾರ ಬಿಟ್ಟು, ಆ ಬಿಂದುವಿನಿಂದ ಎರಡು ಅಡಿಗಲ್ಲುಗಳಿಗೆ ಟೇಪಿನಲ್ಲಿ ಅಳೆದು ಬರೆದಿಡಿ, ಒಂದು ಕಲ್ಲಿನ ಮಟ್ಟದಿಂದ ಲೆನ್ಸ್ ಎಷ್ಟು ಮೇಲೆ ಅನ್ನೋದನ್ನೂ ಬರೆಯಿರಿ. ಅಂಗಳದಲ್ಲಿ ಗೂಟ ಹೊಡೆದು ನೆಚ್ಚಿಕೊಂಡರೆ ಜೆಸಿಬಿ ಬಂದ ದಿನ ಅದು ಹೋಯಿತು ಅಂತಲೇ ಲೆಕ್ಕ.

ಈ ಕೆಲಸಕ್ಕೆ ಇತಿಹಾಸವಿದೆ, ಅದರಲ್ಲಿ ನಮ್ಮ ಊರೂ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯ ಅವಶೇಷಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದರು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಅಮೆರಿಕದಲ್ಲಿ ಮಾರ್ಕ್ ಕ್ಲೆಟ್ ಮತ್ತು ಜೊತೆಗಾರರು 1977ರಿಂದ, ಹತ್ತೊಂಬತ್ತನೇ ಶತಮಾನದ ಸರ್ವೆ ಫೋಟೊಗಳಿಗೆ ಇದನ್ನೇ ಮಾಡಿದ್ದರು. ಅವರಿಗೆ ಬಂಡೆಗಳಿದ್ದವು. ಕಲ್ಲಿನ ದೃಶ್ಯದಲ್ಲಿ ಗುರುತುಗಳಿಗೆ ಬರವಿಲ್ಲ.

ಇನ್ನು ಬೆಳಕು. ಬೆಳಗಿನ ಓರೆ ಬಿಸಿಲು ಗೋಡೆಗೆ ಪಕ್ಕದಿಂದ ಬಿದ್ದರೆ ಪ್ರತಿ ಉಬ್ಬುತಗ್ಗಿಗೂ ನೆರಳು ಬಂದು ಗೋಡೆ ಭಯಂಕರವಾಗಿ ಕಾಣುತ್ತದೆ. ಅದೇ ಗೋಡೆ ಮೋಡದ ದಿನ ನುಣ್ಣಗೆ ಕಾಣುತ್ತದೆ, ಒಂದು ಕರಣೆ ಗಾರೆ ಹಾಕದೆಯೂ. ಹಾಗಾಗಿ ಎರಡಕ್ಕೂ ಒಂದೇ ಸೂರ್ಯ ಬೇಕು. ಇದಕ್ಕೆ ವರ್ಷ ಪೂರ್ತಿ ಕಾಯಬೇಕಿಲ್ಲ, ಯಾಕೆಂದರೆ ಸೂರ್ಯ ಅದೇ ದಾರಿಯಲ್ಲಿ ವರ್ಷಕ್ಕೆ ಎರಡು ಸಲ ಹಾಯುತ್ತಾನೆ. ಫೆಬ್ರವರಿ 20ರ ಸುಮಾರಿನ ದಾರಿ ಅಕ್ಟೋಬರ್ 22ರ ಸುಮಾರಿಗೆ ಮತ್ತೆ ಬರುತ್ತದೆ. ಆದರೆ ಗಡಿಯಾರ ಹೊಂದೋದಿಲ್ಲ. ಫೆಬ್ರವರಿಯಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರೋದು ಸರಾಸರಿಗಿಂತ ಸುಮಾರು ಕಾಲು ಗಂಟೆ ತಡ, ಅಕ್ಟೋಬರ್ ಕೊನೆಯಲ್ಲಿ ಕಾಲು ಗಂಟೆ ಮೊದಲು. ಫೆಬ್ರವರಿಯಲ್ಲಿ ಒಂಬತ್ತಕ್ಕೆ ತೆಗೆದಿದ್ದರೆ ಅಕ್ಟೋಬರಿನಲ್ಲಿ ಎಂಟೂವರೆಗೆ ತೆಗೆಯಬೇಕು.

ಎಲ್ಲ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಎರಡೂ ಫೋಟೊ ಒಂದರ ಮೇಲೊಂದು ಇಟ್ಟು ನೋಡಿ. ಎರಡನ್ನೂ ನಿಜವಾಗಿ ಒಂದೇ ಬಿಂದುವಿನಿಂದ ತೆಗೆದಿದ್ದರೆ, ಕ್ಯಾಮೆರಾ ತಿರುಗಿದ್ದು, ಬಾಗಿದ್ದು, ಜೂಮ್ ಬೇರೆಯಾಗಿದ್ದು ಎಲ್ಲವನ್ನೂ ನಾಲ್ಕು ಬಿಂದು ಹೊಂದಿಸಿ ಸರಿಪಡಿಸಬಹುದು. ಗಿಂಪ್‌ನಂಥ ಉಚಿತ ಸಾಫ್ಟ್‌ವೇರಿನ ಪರ್ಸ್ಪೆಕ್ಟಿವ್ ಉಪಕರಣ ಸಾಕು. ಆದರೆ ನಿಂತ ಜಾಗವೇ ತಪ್ಪಿದ್ದರೆ ಯಾವ ಹಿಗ್ಗಿಸಾಟವೂ ನಡೆಯೋದಿಲ್ಲ. ಹೆಬ್ಬಾಗಿಲಿನ ಗೋಡೆಯನ್ನು ಹೊಂದಿಸಿದರೆ ಕಂಬದ ಅಡಿಗಲ್ಲು ಎರಡೆರಡಾಗಿ ಕಾಣುತ್ತದೆ, ಅಡಿಗಲ್ಲನ್ನು ಹೊಂದಿಸಿದರೆ ಗೋಡೆ ಎರಡಾಗುತ್ತದೆ. ಆಗ ಮತ್ತೆ ಅಂಗಳಕ್ಕೆ ಹೋಗೋದೇ ದಾರಿ.

ಅಡಿಗಲ್ಲು, ಗೋಡೆ ಎರಡೂ ಒಟ್ಟಿಗೆ ಕೂತವು ಅಂದಮೇಲೆ ಉಳಿಯುವ ವ್ಯತ್ಯಾಸವನ್ನು ಅಳೆಯಬಹುದು. ರಿಪೇರಿಗೆ ಮೊದಲು ಕಂಬ ಎಡಕ್ಕೆ 4 ಡಿಗ್ರಿ ವಾಲಿತ್ತು, ಈಗ ನೆಟ್ಟಗಿದೆ ಅಂತ ಫೋಟೊ ಹೇಳಿದರೆ, 2.1 ಮೀಟರ್ ಕಂಬದ ತಲೆ ಸುಮಾರು 15 ಸೆಂ.ಮೀ. ಸರಿದಿದೆ ಅಂತ ಲೆಕ್ಕ ಹಾಕಬಹುದು. ಆದರೆ ಈ ಅಳತೆ ಎಡ-ಬಲಕ್ಕೆ, ಮೇಲೆ-ಕೆಳಕ್ಕೆ ಮಾತ್ರ. ಗೋಡೆ ನೇರವಾಗಿ ಕ್ಯಾಮೆರಾದ ಕಡೆಗೇ ವಾಲಿದ್ದರೆ ಈ ಜೋಡಿಯಲ್ಲಿ ಅದು ಹೆಚ್ಚುಕಮ್ಮಿ ಕಾಣೋದೇ ಇಲ್ಲ, ಮತ್ತು ಹಳೆಯ ಮಣ್ಣಿನ ಗೋಡೆಗಳು ಅಂಗಳದ ಕಡೆಗೆ ಹೊಟ್ಟೆ ಬಿಡೋದು ಅಪರೂಪವೇನಲ್ಲ. ಅದು ಬೇಕಿದ್ದರೆ ಮನೆಯ ಪಕ್ಕದಿಂದ ಇನ್ನೊಂದು ಜೋಡಿ ತೆಗೆಯಬೇಕು, ಅದರ ಮೊದಲನೆಯದನ್ನು ಕೆಲಸ ಶುರುವಾಗುವ ಮುಂಚೆಯೇ.